ಬಂದ ಬಾಗಿಲೊಂದು, ಹೋದ ಬಾಗಿಲಿನ್ನೊಂದು

ಒಂದು ಸಂಪರ್ಕ ಕೆಟ್ಟರೆ ಇನ್ನೊಂದು ಇರಲಿ ಎಂದು ಅಂತರಜಾಲಕ್ಕೆ ಎರಡು ಸಂಪರ್ಕಗಳನ್ನು ಇಟ್ಟುಕೊಳ್ಳುವುದುಂಟು. ಆದರೆ ಎರಡೂ ಚೆನ್ನಾಗಿ ನಡೆಯುತ್ತಿರುವಾಗಲೇ ತಲೆದೋರುವ ತೊಡಕೊಂದಿದೆ. ಅದನ್ನು ಒಂದು ಉದಾಹರಣೆಯಿಂದ ತಿಳಿಯೋಣ.

ಸೊಲ್ಲಾಪುರದ ಒಂದು ಶಾಲೆಯ ಸರ್ವರ್‌ನಲ್ಲಿ ಪರೀಕ್ಷೆಯ ಫಲಿತಾಂಶವಿದೆ ಎಂದು ಭಾವಿಸೋಣ. ಅದರ ವಿಳಾಸ 192.168.1.10. ಶಾಲೆಗೆ ಎರಡು ಸಂಪರ್ಕಗಳು. ಒಂದೊಂದಕ್ಕೂ ಒಂದೊಂದು ಫೈರ್‌ವಾಲ್. ಮೊದಲನೆಯದು 192.168.1.1, ಎರಡನೆಯದು 192.168.1.2. ಹೊರಗೆ ಹೋಗುವುದೆಲ್ಲ ಮೊದಲನೆಯದರ ಮೂಲಕ ಹೋಗಲಿ ಎಂದು ಸರ್ವರ್‌ಗೆ ಹೇಳಿಡಲಾಗಿದೆ.

ಈ ಫೈರ್‌ವಾಲ್ ನೆನಪುಳ್ಳ ಕಾವಲುಗಾರ. ಯಾರು ಯಾರೊಡನೆ ಮಾತು ಆರಂಭಿಸಿದರೆಂದು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಉತ್ತರ ಬಂದಾಗ ಪುಸ್ತಕ ನೋಡುತ್ತಾನೆ. ಅದಕ್ಕೆ ತಕ್ಕ ಪ್ರಶ್ನೆ ಅಲ್ಲಿದ್ದರೆ ಬಿಡುತ್ತಾನೆ, ಇಲ್ಲದಿದ್ದರೆ ತಡೆಯುತ್ತಾನೆ.

ಅಕ್ಕಲಕೋಟೆಯ ವಿದ್ಯಾರ್ಥಿಯೊಬ್ಬ ಎರಡನೆಯ ಸಂಪರ್ಕದ ವಿಳಾಸಕ್ಕೆ ಕೇಳಿಕೆ ಕಳಿಸುತ್ತಾನೆ. ಮಾತನ್ನು ಆರಂಭಿಸುವ ಈ ಮೊದಲ ಕೇಳಿಕೆಗೆ ‘ಸಿನ್’ ಎಂದು ಹೆಸರು. ಎರಡನೆಯ ಕಾವಲುಗಾರ ಅದನ್ನು ಬರೆದುಕೊಂಡು ಒಳಗೆ ಬಿಡುತ್ತಾನೆ. ಸರ್ವರ್ ಉತ್ತರವಾಗಿ ‘ಸಿನ್-ಆ್ಯಕ್’ ಕೊಡುತ್ತದೆ. ಆದರೆ ವಾಡಿಕೆಯಂತೆ ಮೊದಲನೆಯ ಬಾಗಿಲಿಗೆ ಕಳಿಸುತ್ತದೆ. ಅಲ್ಲಿನ ಪುಸ್ತಕದಲ್ಲಿ ಕೇಳಿಕೆಯೇ ಇಲ್ಲ! ಕಾವಲುಗಾರ ಉತ್ತರವನ್ನು ಬಿಸಾಡುತ್ತಾನೆ. ವಿದ್ಯಾರ್ಥಿಯ ಕಂಪ್ಯೂಟರು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮತ್ತೆ ಕೇಳಿ, ಕೊನೆಗೆ ಸುಮ್ಮನಾಗುತ್ತದೆ. ಫಲಿತಾಂಶ ಕಾಣುವುದೇ ಇಲ್ಲ.

ದೋಷ ಇದೇ ಎಂದು ತಿಳಿಯುವುದು ಹೇಗೆ? ಮೊದಲನೆಯ ಸಂಪರ್ಕದ ವಿಳಾಸದಿಂದ ಪುಟ ತೆರೆಯುತ್ತದೆ, ಎರಡನೆಯದರಿಂದ ತೆರೆಯುವುದಿಲ್ಲ. ಸರ್ವರ್‌ನಲ್ಲಿ tcpdump ನಡೆಸಿದರೆ ಕೇಳಿಕೆ ಬಂದದ್ದೂ ಉತ್ತರ ಹೊರಟದ್ದೂ ಕಾಣುತ್ತವೆ. ಆದರೆ ಎರಡನೆಯ ಫೈರ್‌ವಾಲ್‌ನಲ್ಲಿ ಕೇಳಿಕೆ ಮಾತ್ರ ಕಾಣುತ್ತದೆ.

ಹಾಗಾದರೆ ಮೊದಲನೆಯ ಕಾವಲುಗಾರನಿಗೆ ‘ಎಲ್ಲವನ್ನೂ ಬಿಡು’ ಎಂದರೆ ಸಾಲದೇ? ಸಾಲದು. ಕಾವಲು ಸಡಿಲವಾಗುವುದಲ್ಲದೆ, ಆ ಬಾಗಿಲಿಂದ ಹೋದ ಉತ್ತರದ ಮೇಲೆ ಎರಡನೆಯ ಸಂಪರ್ಕದ ವಿಳಾಸ ಇರುವುದಿಲ್ಲ. ತಾನು ಕೇಳಿದ ವಿಳಾಸದಿಂದ ಬಾರದ ಉತ್ತರವನ್ನು ವಿದ್ಯಾರ್ಥಿಯ ಕಂಪ್ಯೂಟರು ಒಪ್ಪುವುದಿಲ್ಲ.

ನಿಜವಾದ ಪರಿಹಾರ, ಬಂದ ಬಾಗಿಲಿನಿಂದಲೇ ಉತ್ತರವನ್ನು ಕಳಿಸುವುದು. ಸರ್ವರ್‌ಗೆ 192.168.1.11 ಎಂಬ ಇನ್ನೊಂದು ವಿಳಾಸ ಕೊಟ್ಟು, ಎರಡನೆಯ ಫೈರ್‌ವಾಲ್ ತನಗೆ ಬಂದ ಕೇಳಿಕೆಗಳನ್ನು ಅದಕ್ಕೇ ಒಪ್ಪಿಸುವಂತೆ ಮಾಡಬೇಕು. ಲಿನಕ್ಸ್ ಸರ್ವರ್ ಆಗಿದ್ದರೆ ಹೀಗೆ ಬರೆಯಬೇಕು:

```
ip route add default via 192.168.1.2 table 20
ip rule add from 192.168.1.11 table 20
```

ಮೊದಲನೆಯ ಸಾಲು ಎರಡನೆಯ ಬಾಗಿಲಿನ ದಾರಿಯನ್ನು 20ನೆಯ ಪಟ್ಟಿಯಲ್ಲಿ ಬರೆಯುತ್ತದೆ. 192.168.1.11ರಿಂದ ಹೊರಡುವ ಉತ್ತರಗಳು ಆ ಪಟ್ಟಿಯನ್ನೇ ನೋಡಲಿ ಎಂದು ಎರಡನೆಯ ಸಾಲು ಹೇಳುತ್ತದೆ. ಈಗ ಉತ್ತರವು ತನ್ನ ಪ್ರಶ್ನೆಯನ್ನು ಬರೆದುಕೊಂಡ ಕಾವಲುಗಾರನ ಬಳಿಗೇ ಬರುತ್ತದೆ. ಅಕ್ಕಲಕೋಟೆಯಲ್ಲಿ ಫಲಿತಾಂಶ ತೆರೆಯುತ್ತದೆ.