ಬೀಮಿನ ಕೆಳಗಿನ 3 ಮಿಲಿಮೀಟರ್

ಪಕ್ಕದ ರೂಮಿನ ಟೀವಿ ಕೇಳಿಸುತ್ತದೆ, ನಿದ್ದೆ ಬರುತ್ತಿಲ್ಲ ಎಂದು ರಾತ್ರಿ ಹನ್ನೊಂದಕ್ಕೆ ರಿಸೆಪ್ಷನ್‌ಗೆ ಫೋನ್ ಬರುವುದು ಹೋಟೆಲಿನವರಿಗೆ ಹೊಸದಲ್ಲ. ಇಂಥ ದೂರು ಹೆಚ್ಚಾದಾಗ ಮಾಲೀಕರು ಬೈಯುವುದು ಗೋಡೆಯನ್ನು. ‘ನಾಲ್ಕಿಂಚಿನ ಗೋಡೆ ಕಟ್ಟಿಬಿಟ್ಟರು, ಒಂಬತ್ತಿಂಚು ಕಟ್ಟಿಸಬೇಕಿತ್ತು’ ಎನ್ನುತ್ತಾರೆ. ಇನ್ನು ಕೆಲವರು ಸ್ಟುಡಿಯೋದಲ್ಲಿ ಕಂಡ ಫೋಮ್ ಶೀಟನ್ನು ತಂದು ಗೋಡೆಗೆ ಅಂಟಿಸುತ್ತಾರೆ. ಫೋಮ್ ಆ ರೂಮಿನೊಳಗಿನ ಪ್ರತಿಧ್ವನಿಯನ್ನು ತಗ್ಗಿಸುತ್ತದೆ, ಅಷ್ಟೇ. ತೂಕವೇ ಇಲ್ಲದ ವಸ್ತು ಪಕ್ಕದ ರೂಮಿಗೆ ಹೋಗುವ ಸದ್ದನ್ನು ತಡೆಯಲಾರದು. ಗೋಡೆಯ ಮೇಲಿನ ಆರೋಪದಲ್ಲಿ ಸ್ವಲ್ಪ ನಿಜವಿದೆ. ಆದರೆ ಬಹಳಷ್ಟು ಕಟ್ಟಡಗಳಲ್ಲಿ ಸದ್ದು ಗೋಡೆಯೊಳಗಿಂದ ಬರುವುದಕ್ಕಿಂತ ಹೆಚ್ಚಾಗಿ ಅದರ ಅಂಚಿನಿಂದ, ತೂತಿನಿಂದ, ತಲೆಯ ಮೇಲಿನಿಂದ ಬರುತ್ತದೆ.

ಮೊದಲು ಗೋಡೆಯ ವಿಚಾರವನ್ನೇ ಮುಗಿಸೋಣ. ಒಂದೇ ಪದರದ ಗೋಡೆಯಲ್ಲಿ ಸದ್ದನ್ನು ತಡೆಯುವುದು ತೂಕ. ತೂಕ ಎರಡರಷ್ಟಾದರೆ ತಡೆ ಸುಮಾರು 5-6 ಡೆಸಿಬೆಲ್ ಹೆಚ್ಚುತ್ತದೆ. ಎರಡೂ ಕಡೆ ಗಾರೆ ಮಾಡಿದ ಆರಿಂಚಿನ ಸಾಲಿಡ್ ಬ್ಲಾಕ್ ಗೋಡೆ ಚದರ ಮೀಟರಿಗೆ 350 ಕಿಲೋ ಆಸುಪಾಸು ತೂಗುತ್ತದೆ. ಅದರ ತಡೆ ಸುಮಾರು 50 ಡೆಸಿಬೆಲ್. ಈಗ ಎಲ್ಲರೂ ಇಷ್ಟಪಡುವ ಹಗುರ ಎಎಸಿ ಬ್ಲಾಕಿನಲ್ಲಿ ಎಂಟಿಂಚು ಕಟ್ಟಿದರೂ 45ರ ಹತ್ತಿರ ನಿಲ್ಲುತ್ತದೆ. ದಪ್ಪ ಇದೆ, ತೂಕ ಇಲ್ಲ.

ತೂಕವಿಲ್ಲದೆಯೂ ಒಳ್ಳೆಯ ಗೋಡೆ ಮಾಡಲು ಒಂದು ದಾರಿಯಿದೆ. ಒಂದಕ್ಕೊಂದು ತಾಗದ ಎರಡು ಲೋಹದ ಚೌಕಟ್ಟು ನಿಲ್ಲಿಸಿ, ಎರಡೂ ಹೊರಮುಖಗಳಿಗೆ ಎರಡೆರಡು ಪದರ ಜಿಪ್ಸಂ ಬೋರ್ಡ್ ಹೊಡೆದು, ನಡುವೆ ಗ್ಲಾಸ್ ವುಲ್ ತುಂಬಿದರೆ ಚದರ ಮೀಟರಿಗೆ 50 ಕಿಲೋ ಒಳಗೇ 55 ಡೆಸಿಬೆಲ್ ದಾಟಬಹುದು. ಇಲ್ಲಿ ಕೆಲಸ ಮಾಡುವುದು ಎರಡು ಹಾಳೆಗಳ ನಡುವಿನ ಅಂತರ. ಗ್ಲಾಸ್ ವುಲ್ ಬದಲು ಥರ್ಮೋಕೋಲ್ ತುರುಕಿದರೆ ಹಣ ಉಳಿಯುತ್ತದೆ, ತಡೆ ಸಿಗುವುದಿಲ್ಲ. ಅದರ ಮುಚ್ಚಿದ ಗುಳ್ಳೆಗಳೊಳಗೆ ಗಾಳಿ ಆಡುವುದಿಲ್ಲ, ಸದ್ದು ಸವೆಯುವುದೂ ಇಲ್ಲ. ಹಳೆಯ ಬ್ಲಾಕ್ ಗೋಡೆಗೆ ಒಂದು ಇಂಚು ಸಂದು ಬಿಟ್ಟು ಬರೀ ಜಿಪ್ಸಂ ಬೋರ್ಡ್ ಕೂರಿಸುವುದು ಇನ್ನೂ ಅಪಾಯ. ಸಂದಿನ ಗಾಳಿ ಸ್ಪ್ರಿಂಗಿನ ಹಾಗೆ ವರ್ತಿಸಿ, ಕೆಲವು ತಗ್ಗು ಸ್ವರಗಳು ಮೊದಲಿಗಿಂತ ಹೆಚ್ಚು ಕೇಳಿಸಬಹುದು.

ಈಗ ಲೆಕ್ಕಕ್ಕೆ ಬರೋಣ. ಎರಡು ರೂಮುಗಳ ನಡುವೆ 4 ಮೀಟರ್ ಉದ್ದ, 3 ಮೀಟರ್ ಎತ್ತರದ ಆರಿಂಚಿನ ಗೋಡೆ ಇದೆ ಎನ್ನಿ. ಅಂದರೆ 12 ಚದರ ಮೀಟರ್. 50 ಡೆಸಿಬೆಲ್ ತಡೆ ಎಂದರೆ ಗೋಡೆಗೆ ಬಡಿದ ಶಬ್ದಶಕ್ತಿಯಲ್ಲಿ ಲಕ್ಷದ ಒಂದು ಪಾಲು ಮಾತ್ರ ಆಚೆ ಹೋಗುತ್ತದೆ. ಪಕ್ಕದ ಟೀವಿ 70 ಡೆಸಿಬೆಲ್ ಇದ್ದರೆ ಇತ್ತ ಸುಮಾರು 20 ಮಾತ್ರ. ಎಸಿಯ ಗುಂಯ್‌ಗುಡುವಿಕೆಯೇ 30 ದಾಟುವುದರಿಂದ ಅದು ಕಿವಿಗೆ ಬೀಳುವುದೇ ಇಲ್ಲ.

ಆದರೆ ನಮ್ಮಲ್ಲಿ ಮೊದಲು ಕಾಲಮ್, ಬೀಮ್ ಎದ್ದು, ಗೋಡೆ ಆಮೇಲೆ ತುಂಬುತ್ತದೆ. ಕೊನೆಯ ವರಸೆಯ ಬ್ಲಾಕನ್ನು ಬೀಮಿನ ಕೆಳಗೆ ತುರುಕಿ, ಮೇಲಿನ ಸಂದಿಗೆ ಕರಣೆಯಿಂದ ಒಂದಿಷ್ಟು ಗಾರೆ ಬಳಿದು ಮೇಸ್ತ್ರಿ ಇಳಿಯುತ್ತಾನೆ. ಹಸಿ ಗೋಡೆ ಒಣಗಿ ಕುಗ್ಗುತ್ತದೆ. ಉದ್ದಕ್ಕೂ 3 ಮಿಲಿಮೀಟರ್ ಬಿರುಕು ಬಿಟ್ಟಿತು ಎಂದುಕೊಳ್ಳಿ. 4 ಮೀಟರಿಗೆ 3 ಮಿಲಿಮೀಟರ್ ಎಂದರೆ 120 ಚದರ ಸೆಂಟಿಮೀಟರ್, ಗೋಡೆಯ ಸಾವಿರದ ಒಂದು ಪಾಲು. ಬಿರುಕಿನ ಮೇಲೆ ಬಿದ್ದ ಸದ್ದೆಲ್ಲ ಆಚೆ ಹೋಗುತ್ತದೆ ಎಂದು ಹಿಡಿದರೆ, ಇಡೀ ಗೋಡೆಯ ತಡೆ 30 ಡೆಸಿಬೆಲ್‌ಗೆ ಕುಸಿಯುತ್ತದೆ. ಟೀವಿ ಈಗ 40. ವಾರ್ತೆ ಓದುವವರ ಮಾತೂ ಅರ್ಥವಾಗುತ್ತದೆ. ಇದೇ ಬಿರುಕನ್ನು ಇಟ್ಟುಕೊಂಡು ಒಂಬತ್ತಿಂಚಿನ ಗೋಡೆ ಕಟ್ಟಿದ್ದರೂ ಉತ್ತರ 30 ಡೆಸಿಬೆಲ್ಲೇ. ನಿಜವಾದ ಬಿರುಕು ಎಲ್ಲ ಸ್ವರಗಳನ್ನೂ ಒಂದೇ ಸಮ ಬಿಡುವುದಿಲ್ಲ, ಹಾಗಾಗಿ ಇದು ಒರಟು ಲೆಕ್ಕ. ಆದರೂ ಹಣ ಎಲ್ಲಿಗೆ ಹಾಕಬೇಕೆಂದು ತೀರ್ಮಾನಿಸಲು ಇಷ್ಟು ಸಾಕು. ಗೋಡೆ ಇಳಿದು ಕೂರಲು ಕೆಲವು ದಿನ ಬಿಟ್ಟು, ಆಮೇಲೆ ಮೇಲಿನ ಸಂದಿಗೆ ಗಾರೆ ಗಟ್ಟಿಯಾಗಿ ತುಂಬಿ, ಎರಡೂ ಕಡೆ ಅಂಚಿಗೆ ಒಣಗಿದರೂ ಮೆದುವಾಗಿ ಹಿಗ್ಗಿ ಕುಗ್ಗುವ ಸೀಲೆಂಟ್ ಎಳೆಯುವುದು ಇದಕ್ಕೆ ಮದ್ದು.

ಈ ಬಿರುಕು ಯಾರ ಕಣ್ಣಿಗೂ ಬೀಳದಿರಲು ಕಾರಣ ಫಾಲ್ಸ್ ಸೀಲಿಂಗ್. ಅದು ಹೇಗೂ ಮುಚ್ಚುತ್ತದಲ್ಲ ಎಂದು ಪ್ಲಾಸ್ಟರನ್ನು ಸೀಲಿಂಗ್ ಮಟ್ಟಕ್ಕೇ ನಿಲ್ಲಿಸುವ ಅಭ್ಯಾಸವೂ ಇದೆ. ಅದರ ಮೇಲಿನ ಒಂದೆರಡು ಅಡಿ ಬೆತ್ತಲೆ ಬ್ಲಾಕಿನಲ್ಲಿ ನಿಂತ ಸಂದುಗಳಿಗೆ ಗಾರೆಯೇ ಇರುವುದಿಲ್ಲ. ಟಾರ್ಚ್ ಹಿಡಿದರೆ ಆಚೆ ಬೆಳಕು ಕಾಣುತ್ತದೆ. ಜಿಪ್ಸಂ ಗೋಡೆಯಾದರೆ ಎಷ್ಟೋ ಕಡೆ ಸೀಲಿಂಗಿನವರೆಗೇ ಕಟ್ಟಿ ಬಿಟ್ಟಿರುತ್ತಾರೆ. ಹೋಟೆಲಿನಲ್ಲಿ ಎಸಿ ಯಂತ್ರ ಸಾಮಾನ್ಯವಾಗಿ ರೂಮಿನ ಬಾಗಿಲ ಬಳಿ, ಸೀಲಿಂಗಿನ ಮೇಲೆ ಕೂತಿರುತ್ತದೆ. ಅದು ಗಾಳಿಯನ್ನು ಮರಳಿ ಎಳೆದುಕೊಳ್ಳುವ ಜಾಲರಿ ಸೀಲಿಂಗಿನ ಮೇಲಿನ ಟೊಳ್ಳಿಗೆ ತೆರೆದಿದ್ದರೆ, ಎರಡು ರೂಮಿನ ಜಾಲರಿಗಳ ನಡುವೆ ಸದ್ದಿಗೆ ರಾಜಮಾರ್ಗ. ಹೀಗೆ ಗೋಡೆಯನ್ನು ಬಳಸಿಕೊಂಡು ಬರುವ ಸದ್ದಿನ ಲೆಕ್ಕ ಕಠಿಣ: ಗೋಡೆ 60 ಡೆಸಿಬೆಲ್ಲಿನದೇ ಇರಲಿ, ಸೀಲಿಂಗಿನ ದಾರಿ 45 ಇದ್ದರೆ ಒಟ್ಟು ಸಿಗುವುದು 45ಕ್ಕಿಂತಲೂ ಒಂದೆಳೆ ಕಡಿಮೆ. ರೂಮಿನ ನಡುವಿನ ಗೋಡೆ ಸ್ಲ್ಯಾಬಿನಿಂದ ಸ್ಲ್ಯಾಬಿಗೆ ಏರಲೇಬೇಕು, ಪ್ಲಾಸ್ಟರ್ ಸಮೇತ. ಹೊರಗಡೆ ಗಾಜಿನ ಮುಖವಿದ್ದರೆ ಗೋಡೆ ಮತ್ತು ಅದರ ಅಲ್ಯೂಮಿನಿಯಂ ಕಂಬ ಸೇರುವ ಜಾಗವೂ ಇಂಥದ್ದೇ ಕಳ್ಳದಾರಿ.

ಇನ್ನು ತೂತುಗಳು. ವಿನ್ಯಾಸಕಾರರಿಗೆ ಅಕ್ಕಪಕ್ಕದ ರೂಮುಗಳನ್ನು ಕನ್ನಡಿಯ ಪ್ರತಿಬಿಂಬದಂತೆ ಬರೆಯುವುದು ಇಷ್ಟ. ಹಾಗೆ ಬರೆದಾಗ ಎರಡು ಮಂಚಗಳ ತಲೆದಿಂಬಿನ ಸ್ವಿಚ್ ಬೋರ್ಡುಗಳು ಒಂದೇ ಜಾಗದಲ್ಲಿ ಬೆನ್ನಿಗೆ ಬೆನ್ನು ಬರುತ್ತವೆ. ಗೋಡೆಯೊಳಗೆ ಹೂಳುವ ಲೋಹದ ಡಬ್ಬ ಸುಮಾರು 50 ಮಿಲಿಮೀಟರ್ ಆಳ. ನಾಲ್ಕಿಂಚಿನ ಗೋಡೆಯಲ್ಲಿ ಎರಡು ಡಬ್ಬ ಎದುರುಬದುರಾದರೆ ನಡುವೆ ಉಳಿಯುವುದು ಎರಡು ತಗಡು ಮಾತ್ರ. ಅದೂ ನಿದ್ದೆ ಮಾಡುವವರ ಕಿವಿಯ ಪಕ್ಕದಲ್ಲೇ. ಮೇಲಿನ 12 ಚದರ ಮೀಟರ್ ಗೋಡೆಯಲ್ಲಿ 12 ಚದರ ಸೆಂಟಿಮೀಟರ್ ತೆರವು, ಅಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕಿಂಡಿ, 50 ಡೆಸಿಬೆಲ್ಲನ್ನು 40ಕ್ಕೆ ಇಳಿಸುತ್ತದೆ. ನಕ್ಷೆಯಲ್ಲೇ ಡಬ್ಬಗಳನ್ನು ಒಂದರಿಂದೊಂದು ಎರಡಡಿಯಾದರೂ ಸರಿಸಿದರೆ ಖರ್ಚಿಲ್ಲದೆ ಮುಗಿಯುವ ಕೆಲಸ. ಈಗಾಗಲೇ ಕೂರಿಸಿದ್ದರೆ ಡಬ್ಬದ ಬೆನ್ನಿಗೆ ಹಿಟ್ಟಿನಂಥ ಭಾರದ ಪುಟ್ಟಿ ಹಾಳೆ ಮೆತ್ತಬೇಕು.

ಪೈಪು ದಾಟುವ ಕಡೆ ಸ್ಪ್ರೇ ಫೋಮ್ ಊದಿ ಕೈ ತೊಳೆದುಕೊಳ್ಳುವುದು ವಾಡಿಕೆ. ಗಾಳಿ ನಿಲ್ಲುತ್ತದೆ, ಆದರೆ ಅದಕ್ಕೂ ತೂಕವಿಲ್ಲ. ಪೈಪಿನ ಸುತ್ತ ರಾಕ್ ವುಲ್ ಒತ್ತಾಗಿ ತುಂಬಿ, ಎರಡೂ ಮುಖಕ್ಕೆ ಬೆಂಕಿ ತಡೆಯುವ ಸೀಲೆಂಟ್ ಬಳಿದರೆ ಸದ್ದು, ಹೊಗೆ ಎರಡಕ್ಕೂ ತಡೆಯಾಗುತ್ತದೆ. ಗಾರೆಯಿಂದ ಪೈಪನ್ನು ಬಿಗಿಯಾಗಿ ಹಿಡಿಸಬಾರದು; ನೀರಿನ ನಡುಕ ನೇರ ಗೋಡೆಗೆ ಹತ್ತುತ್ತದೆ. ಎರಡು ಬಚ್ಚಲುಮನೆಗಳ ಎಕ್ಸಾಸ್ಟ್ ಒಂದೇ ಡಕ್ಟಿಗೆ ಕೂಡುವಲ್ಲಿ, ಒಳಮೈಗೆ ಸದ್ದು ಹೀರುವ ಪದರವಿರುವ ತುಂಡನ್ನು ಪ್ರತಿ ಕವಲಿನಲ್ಲೂ ಹಾಕಬೇಕು. ಇಲ್ಲದಿದ್ದರೆ ಒಬ್ಬರ ಗುನುಗು ಇನ್ನೊಬ್ಬರ ಬಚ್ಚಲಿಗೆ.

ಇಷ್ಟೆಲ್ಲ ಮಾಡಿದರೂ ಸ್ಪೀಕರಿನ ಧಿಂಧಿಂ ಪೂರ್ತಿ ನಿಲ್ಲುವುದಿಲ್ಲ. ಗೋಡೆಗೆ ಕೊಡುವ ಡೆಸಿಬೆಲ್ ಅಂಕಿ 100 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಹಗುರ ಜಿಪ್ಸಂ ಗೋಡೆಗಿಂತ ಭಾರದ ಬ್ಲಾಕ್ ಗೋಡೆಯೇ ಮೇಲು. ಇಂಗ್ಲೆಂಡಿನ ಕಟ್ಟಡ ನಿಯಮ ಹೋಟೆಲ್ ರೂಮಿನ ಗೋಡೆಗಳನ್ನು ಕಟ್ಟಡದಲ್ಲೇ ಅಳೆದು, ತಗ್ಗು ಸ್ವರಕ್ಕೆ ಒಂದಿಷ್ಟು ಅಂಕ ಕಳೆದು, ಕನಿಷ್ಠ 43 ಡೆಸಿಬೆಲ್ ಉಳಿಯಬೇಕೆಂದು ಕೇಳುತ್ತದೆ. ಪ್ರಯೋಗಾಲಯದ ಚೀಟಿಗಿಂತ ಇದು ಪ್ರಾಮಾಣಿಕ ಲೆಕ್ಕ, ಏಕೆಂದರೆ ಚೀಟಿಯ ಗೋಡೆಗೆ ಬೀಮೂ ಇರುವುದಿಲ್ಲ, ಸ್ವಿಚ್ ಬೋರ್ಡೂ ಇರುವುದಿಲ್ಲ.

ಹಾಗಾಗಿ ಅಳತೆ ಮಾಡಬೇಕಾದದ್ದು ಸೀಲಿಂಗ್ ಮುಚ್ಚುವ ಮುಂಚೆ. ಮೊದಲ ಎರಡು ರೂಮಿಗೆ ಬಾಗಿಲು, ಕಿಟಕಿ ಕೂರಿಸಿ, ಒಂದರಲ್ಲಿ ಸ್ಪೀಕರಿನಿಂದ ಜೋರಾಗಿ ‘ಶ್’ ಎಂಬ ಸದ್ದು ಹಾಕಿ, ಇನ್ನೊಂದರಲ್ಲಿ ದೀಪ ಆರಿಸಿ ಏಣಿ ಹತ್ತಿ ಬೀಮಿನ ಅಂಚಿನುದ್ದಕ್ಕೂ ಕಿವಿ ಸರಿಸಿದರೆ ಸಾಕು, ಸೋರುವ ಜಾಗ ತಾನೇ ಹೇಳುತ್ತದೆ. ಮೀಟರ್ ಆಮೇಲೆ ಬರಲಿ.