ಮುನ್ಸೂಚನೆಗೆ ಮೊದಲಿನ ಲೆಕ್ಕ

ಬೆಂಗಳೂರು, ಮಂಗಳೂರು ಸೇರಿದಂತೆ ಜಗತ್ತಿನ ನೂರಾರು ಊರುಗಳಲ್ಲಿ ಹವಾಮಾನದ ಬಲೂನುಗಳು ಒಂದೇ ಹೊತ್ತಿಗೆ ಮೇಲೇರುತ್ತವೆ. ನಮ್ಮ ಗಡಿಯಾರದಲ್ಲಿ ಅದು ಬೆಳಗಿನ 5:30. ಬಲೂನಿಗೆ ಕಟ್ಟಿದ ರೇಡಿಯೋಸಾಂಡ್ ಎಂಬ ಪುಟ್ಟ ಪೆಟ್ಟಿಗೆ ದಾರಿಯುದ್ದಕ್ಕೂ ಉಷ್ಣತೆ, ತೇವಾಂಶ, ಒತ್ತಡವನ್ನು ಅಳೆದು ಕೆಳಗೆ ಕಳಿಸುತ್ತದೆ. ಅದು ತೇಲಿಹೋದ ದಿಕ್ಕು, ವೇಗದಿಂದ ಗಾಳಿಯ ಲೆಕ್ಕ ಸಿಗುತ್ತದೆ. ಸುಮಾರು 30 ಕಿ.ಮೀ. ಎತ್ತರದಲ್ಲಿ ಬಲೂನು ಒಡೆಯುತ್ತದೆ.

ಈ ಅಳತೆಗಳನ್ನು ಕಂಪ್ಯೂಟರಿಗೆ ತುಂಬಿದರೆ ನಾಳಿನ ಹವೆ ಲೆಕ್ಕ ಹಾಕಬಹುದೆಂದು ತೋರುತ್ತದೆ. ಆದರೆ ಅಳತೆಗಳು ಸಾಲುವುದಿಲ್ಲ. ನೋಯ್ಡಾದ ರಾಷ್ಟ್ರೀಯ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರದ ಜಾಗತಿಕ ಮಾದರಿ ಭೂಮಿಯನ್ನು 12 ಕಿ.ಮೀ. ಚೌಕಗಳಾಗಿಯೂ ಆಕಾಶವನ್ನು 70 ಪದರಗಳಾಗಿಯೂ ಹಂಚಿಕೊಂಡಿದೆ. ಹಾಗಾಗಿ 20 ಕೋಟಿಗೂ ಹೆಚ್ಚು ಬಿಂದುಗಳಿಗೆ ಈ ಕ್ಷಣದ ಉಷ್ಣತೆ, ಗಾಳಿ, ತೇವಾಂಶ ಬೇಕು. ಬಲೂನು ಹಾರುವ ಠಾಣೆಗಳಾದರೋ ಜಗತ್ತಿಗೆಲ್ಲ ಸೇರಿ ಸಾವಿರದ ಆಸುಪಾಸು, ಅವೂ ಬಹುಪಾಲು ನೆಲದ ಮೇಲೆ.

ಖಾಲಿ ಬಿಂದುಗಳನ್ನು ತುಂಬಲು ಮಾದರಿ ತನ್ನದೇ ಹಳೆಯ ಮುನ್ಸೂಚನೆಯನ್ನು ಬಳಸಿಕೊಳ್ಳುತ್ತದೆ. ಆರು ಗಂಟೆ ಹಿಂದೆ ಅದು 'ಬೆಳಿಗ್ಗೆ 5:30ಕ್ಕೆ ಹವೆ ಹೀಗಿರುತ್ತದೆ' ಎಂದು ಹೇಳಿರುತ್ತದೆ. ಆ ಊಹೆಯೇ ಕರಡು. ಹೊಸ ಅಳತೆಗಳು ಬಂದಂತೆ ಕರಡನ್ನು ತಿದ್ದುತ್ತಾರೆ. ಡೇಟಾ ಅಸಿಮಿಲೇಷನ್ ಎಂದರೆ ಈ ತಿದ್ದುಪಡಿ.

ಎಷ್ಟು ತಿದ್ದಬೇಕು? ಬೆಂಗಳೂರಿನ ಮೇಲೆ 3 ಕಿ.ಮೀ. ಎತ್ತರದಲ್ಲಿ ಕರಡು 10 ಡಿಗ್ರಿ ಎನ್ನುತ್ತದೆ, ಬಲೂನು 12 ಡಿಗ್ರಿ ಎನ್ನುತ್ತದೆ ಎಂದಿಟ್ಟುಕೊಳ್ಳೋಣ. ಕರಡು ಸಾಮಾನ್ಯವಾಗಿ 1 ಡಿಗ್ರಿಯಷ್ಟು, ಬಲೂನು ಅರ್ಧ ಡಿಗ್ರಿಯಷ್ಟು ತಪ್ಪಬಹುದು. ನಂಬಿಕೆಯ ತೂಕ ಈ ತಪ್ಪುಗಳ ವರ್ಗಕ್ಕೆ ವಿಲೋಮ: ಕರಡಿಗೆ 1, ಬಲೂನಿಗೆ 4. ಐದರಲ್ಲಿ ನಾಲ್ಕು ಪಾಲು ಬಲೂನಿನ ಕಡೆ ವಾಲಿದರೆ ಉತ್ತರ 11.6 ಡಿಗ್ರಿ. ಇದರಲ್ಲಿ ಉಳಿಯುವ ತಪ್ಪು ಸುಮಾರು 0.45 ಡಿಗ್ರಿ, ಅಂದರೆ ಎರಡೂ ಮೂಲಗಳ ತಪ್ಪಿಗಿಂತ ಕಡಿಮೆ. ಒರಟು ಊಹೆಯನ್ನೂ ಎಸೆಯದೆ ಇಟ್ಟುಕೊಳ್ಳುವುದು ಇದಕ್ಕಾಗಿ.

ತಿದ್ದುಪಡಿ ಬೆಂಗಳೂರಿನಲ್ಲೇ ನಿಲ್ಲುವುದಿಲ್ಲ. ಇಲ್ಲಿ ಕರಡು ತಂಪಾಗಿ ತಪ್ಪಿದ್ದರೆ ಮೈಸೂರಿನ ಮೇಲೂ ಹಾಗೆಯೇ ತಪ್ಪಿರುವ ಸಾಧ್ಯತೆ ಹೆಚ್ಚು. ಹಾಗಾಗಿ ದೂರ ಹೋದಂತೆ ಕಡಿಮೆಯಾಗುತ್ತ ಅದು ಸುತ್ತಲೂ ಹರಡುತ್ತದೆ. ಉಷ್ಣತೆ ಬದಲಾದಾಗ ಗಾಳಿಯನ್ನೂ ಅದಕ್ಕೆ ಹೊಂದಿಸಬೇಕು. ಹೊಂದಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಅವರ ಲೆಕ್ಕವೇ ಸಾಕ್ಷಿ. ಮೊದಲ ಮಹಾಯುದ್ಧದ ಕಾಲದಲ್ಲಿ ಅವರು 1910ರ ಮೇ 20ರ ಅಳತೆಗಳನ್ನಿಟ್ಟುಕೊಂಡು ಕೈಯಲ್ಲೇ ಮುನ್ಸೂಚನೆ ಲೆಕ್ಕ ಹಾಕಿದರು. ಆರು ಗಂಟೆಯಲ್ಲಿ ಒತ್ತಡ 145 ಹೆಕ್ಟೊಪ್ಯಾಸ್ಕಲ್ ಏರುತ್ತದೆಂಬ ಉತ್ತರ ಬಂತು. ನಿಜದಲ್ಲಿ ಆ ದಿನ ಒತ್ತಡ ಹೆಚ್ಚುಕಡಿಮೆ ಅಲುಗಲೇ ಇಲ್ಲ. ಅವರ ಸಮೀಕರಣಗಳು ಸರಿಯಾಗಿಯೇ ಇದ್ದವು. ಆರಂಭದ ಗಾಳಿ ಮತ್ತು ಒತ್ತಡ ಒಂದಕ್ಕೊಂದು ಹೊಂದಿರಲಿಲ್ಲ. ಆ ಆರಂಭವನ್ನು ಸಮತೋಲನಗೊಳಿಸಿ ಐರ್ಲೆಂಡಿನ ಪೀಟರ್ ಲಿಂಚ್ ಮತ್ತೆ ಲೆಕ್ಕ ಹಾಕಿದಾಗ ಒಪ್ಪುವಂಥ ಉತ್ತರವೇ ಬಂತು.

ಉಪಗ್ರಹದ ಕಷ್ಟ ಬೇರೆ. ಇನ್‌ಸ್ಯಾಟ್‌ನಂಥ ಉಪಗ್ರಹಕ್ಕೆ ಸಿಗುವುದು ಉಷ್ಣತೆಯಲ್ಲ, ಕೆಳಗಿನಿಂದ ಬರುವ ವಿಕಿರಣ. ಆದ್ದರಿಂದ ಲೆಕ್ಕವನ್ನು ತಿರುಗಿಸುತ್ತಾರೆ: 'ಕರಡು ನಿಜವಾಗಿದ್ದರೆ ಉಪಗ್ರಹಕ್ಕೆ ಎಷ್ಟು ವಿಕಿರಣ ಕಾಣಬೇಕಿತ್ತು?' ಎಂದು ಮೊದಲು ಲೆಕ್ಕ ಹಾಕಿ, ಕಂಡದ್ದಕ್ಕೂ ಅದಕ್ಕೂ ಇರುವ ವ್ಯತ್ಯಾಸದಿಂದ ಕರಡನ್ನು ತಿದ್ದುತ್ತಾರೆ. ಆ ವ್ಯತ್ಯಾಸದ ಸರಾಸರಿ ಸೊನ್ನೆಯ ಹತ್ತಿರ ಇರಬೇಕು. ವಾರಗಟ್ಟಲೆ ಒಂದೇ ಕಡೆ ವಾಲಿದ್ದರೆ ಉಪಕರಣದಲ್ಲೋ ಮಾದರಿಯಲ್ಲೋ ದೋಷವಿದೆ ಎಂದರ್ಥ. ಯಾವುದರಲ್ಲಿ ಎಂದು ತೀರ್ಮಾನಿಸಲು ಬಲೂನಿನ ಅಳತೆ ಆಧಾರವಾಗುತ್ತದೆ. ಉಪಗ್ರಹಗಳು ಎಷ್ಟೇ ಹೆಚ್ಚಿದರೂ ಬಲೂನನ್ನು ಕೈಬಿಡದಿರಲು ಇದೊಂದು ದೊಡ್ಡ ಕಾರಣ.

ನನಗೆ ಹೆಚ್ಚು ಆತಂಕ ತರುವುದು ತಿರಸ್ಕಾರದ ನಿಯಮ. ಕರಡಿಗಿಂತ ತೀರಾ ಬೇರೆಯಾದ ಅಳತೆಯನ್ನು ಗಣಕ 'ಉಪಕರಣ ಕೆಟ್ಟಿದೆ' ಎಂದು ಪಕ್ಕಕ್ಕೆ ತಳ್ಳುತ್ತದೆ. ಬಹುತೇಕ ಸಲ ಅದು ಸರಿಯೇ. ಆದರೆ ಸಮುದ್ರದ ಮೇಲೆ ದಿಢೀರನೆ ಬಲಗೊಂಡ ಚಂಡಮಾರುತದ ನಡುವೆ ಸಿಕ್ಕ ಒಂಟಿ ಹಡಗಿನ ಒತ್ತಡದ ಅಳತೆಯೂ ಹಾಗೆಯೇ ವಿಚಿತ್ರವಾಗಿ ಕಾಣುತ್ತದೆ. ಅದನ್ನು ತಳ್ಳಿದರೆ ಮಾದರಿ ದುರ್ಬಲ ಚಂಡಮಾರುತದಿಂದಲೇ ಹೊರಡುತ್ತದೆ. ಹತ್ತಿರದಲ್ಲಿ ಇನ್ನೊಂದು ಅಳತೆ ಇದ್ದು ಅದೂ ಅದೇ ಮಾತು ಹೇಳಿದರೆ ಮಾತ್ರ ಒಂಟಿ ಅಳತೆಗೆ ಬೆಲೆ ಬರುತ್ತದೆ.

ಕರಾವಳಿ ಮತ್ತು ಮಲೆನಾಡಿಗೆ ಮುಂಗಾರು ಮಳೆ ತರುವ ಗಾಳಿ ಅರಬ್ಬೀ ಸಮುದ್ರ ದಾಟಿ ಬರುತ್ತದೆ. ಅಲ್ಲಿ ಲಕ್ಷದ್ವೀಪದ ಒಂದೆರಡು ದ್ವೀಪ ಬಿಟ್ಟರೆ ಬಲೂನು ಹಾರಿಸಲು ನೆಲವೇ ಇಲ್ಲ. ಓಷನ್‌ಸ್ಯಾಟ್ ಉಪಗ್ರಹ ಅಲೆಗಳ ಒರಟುತನದಿಂದ ನೀರಿನ ಮೇಲ್ಮೈ ಗಾಳಿಯನ್ನು ಅಂದಾಜು ಮಾಡುತ್ತದೆ, ಮೋಡಗಳ ಚಲನೆಯಿಂದ ಮೇಲಿನ ಗಾಳಿ ತಿಳಿಯುತ್ತದೆ. ಇವೆರಡರ ನಡುವಿನ ಒಂದೆರಡು ಕಿ.ಮೀ. ಎತ್ತರದಲ್ಲಿ ಬಲವಾದ ಮುಂಗಾರು ಗಾಳಿ ಬೀಸುತ್ತದೆ, ಅಳತೆ ವಿರಳವಾಗಿರುವುದೂ ಅಲ್ಲಿಯೇ. ಮಾದರಿಯ ಚೌಕಗಳನ್ನು ಇನ್ನಷ್ಟು ಚಿಕ್ಕದಾಗಿಸುವುದಕ್ಕಿಂತ ಆ ಪದರದ ಗಾಳಿಯನ್ನು ಅಳೆಯಲು ಖರ್ಚು ಮಾಡುವುದು ನಮ್ಮ ಕರಾವಳಿಗೆ ಹೆಚ್ಚು ಉಪಯೋಗ.