ತ್ರಿಕೋನ ಗೋಡೆಯ ಭಾರ ಬೀಮಿನ ಮೇಲೆ ಎಲ್ಲಿ ಕೂರುತ್ತದೆ?

ಒಂದೇ ಕಡೆಗೆ ಇಳಿಜಾರಾದ ಹೆಂಚಿನ ಮಾಡಿನ ಮನೆಯಲ್ಲಿ ಪಕ್ಕದ ಗೋಡೆಯ ಮೇಲ್ಭಾಗ ತ್ರಿಕೋನವಾಗಿರುತ್ತದೆ. ಒಂದು ತುದಿಯಲ್ಲಿ ಗೋಡೆಯ ಎತ್ತರ ಏನೂ ಇಲ್ಲ. ಅಲ್ಲಿಂದ ಮಾಡಿನ ಇಳಿಜಾರಿಗೆ ತಕ್ಕಂತೆ ಏರುತ್ತಾ ಹೋಗಿ ಇನ್ನೊಂದು ತುದಿಯಲ್ಲಿ ಆಳೆತ್ತರವನ್ನೂ ಮೀರುತ್ತದೆ. ಇಂಥ ಗೋಡೆಯ ಕೆಳಗೆ ಅಗಲವಾದ ಜಾಗ ಬಿಡಬೇಕಾದಾಗ ಎರಡು ಕಂಬಗಳ ಮೇಲೆ ಕಾಂಕ್ರೀಟ್ ಬೀಮ್ ಹಾಕಿ, ಅದರ ಮೇಲೆ ಗೋಡೆ ಕಟ್ಟುತ್ತಾರೆ. ಆ ಬೀಮಿನ ಮೇಲೆ ಬೀಳುವುದೇ ತ್ರಿಕೋನಾಕಾರದ ಹಂಚಿದ ಭಾರ. ಒಂದು ತುದಿಯಲ್ಲಿ ಸೊನ್ನೆಯಾಗಿದ್ದು, ಒಂದೇ ಪ್ರಮಾಣದಲ್ಲಿ ಹೆಚ್ಚುತ್ತಾ ಇನ್ನೊಂದು ತುದಿಯಲ್ಲಿ ಗರಿಷ್ಠವಾಗುವ ಭಾರ.

ಬೀಮಿನ ಉದ್ದ 6 ಮೀಟರ್, ಗೋಡೆಯ ಗರಿಷ್ಠ ಎತ್ತರ 3 ಮೀಟರ್, ಕಟ್ಟಿರುವುದು 20 ಸೆಂಟಿಮೀಟರ್ ದಪ್ಪದ ಸಾಲಿಡ್ ಬ್ಲಾಕಿನಲ್ಲಿ ಎಂದಿಟ್ಟುಕೊಳ್ಳಬಹುದು. ಲೆಕ್ಕ ಸುಲಭವಾಗಲೆಂದು ಒಂದು ಘನ ಮೀಟರ್ ಗೋಡೆಯ ತೂಕ 2000 ಕಿಲೋ ಎಂದು ಹಿಡಿದರೆ, ಒಂದು ಚದರ ಮೀಟರ್ ಗೋಡೆ 400 ಕಿಲೋ ತೂಗುತ್ತದೆ. ಎತ್ತರದ ತುದಿಯಲ್ಲಿ 3 ಮೀಟರ್ ಗೋಡೆ ಇರುವುದರಿಂದ ಅಲ್ಲಿ ಬೀಮಿನ ಮೇಲಿನ ಭಾರ ಮೀಟರಿಗೆ 1200 ಕಿಲೋ. ಇದು ತೂಕವಲ್ಲ, ದರ. ಆ ತುದಿಯ ಯಾವ ಬಿಂದುವಿನಲ್ಲೂ 1200 ಕಿಲೋ ಕುಳಿತಿಲ್ಲ. ಅಲ್ಲಿನ ಎತ್ತರವೇ ಒಂದು ಮೀಟರ್ ಉದ್ದಕ್ಕೂ ಮುಂದುವರಿದಿದ್ದರೆ ಅಷ್ಟು ತೂಕ ಆಗುತ್ತಿತ್ತು ಎಂದಷ್ಟೇ ಅದರ ಅರ್ಥ. ದರವನ್ನೂ ತೂಕವನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಮುಂದಿನ ಬಹುಪಾಲು ತಪ್ಪುಗಳು ಹುಟ್ಟುತ್ತವೆ.

ಒಟ್ಟು ತೂಕ ತಿಳಿಯುವುದು ಕಷ್ಟವಲ್ಲ. ಭಾರದ ಚಿತ್ರ ತ್ರಿಕೋನ. ಅದರ ವಿಸ್ತೀರ್ಣವೇ ಒಟ್ಟು ಭಾರ. ಉದ್ದ 6, ಎತ್ತರ 1200, ಅವುಗಳ ಗುಣಲಬ್ಧದ ಅರ್ಧ 3600 ಕಿಲೋ. ಗೋಡೆಯನ್ನು ನೇರವಾಗಿ ಅಳೆದರೂ ಇದೇ ಸಿಗುತ್ತದೆ: 9 ಚದರ ಮೀಟರ್ ಗೋಡೆ, ಚದರ ಮೀಟರಿಗೆ 400 ಕಿಲೋ. ಎಂಜಿನಿಯರುಗಳ ಕಡತದಲ್ಲಿ ಇದು ಸುಮಾರು 36 ಕಿಲೋನ್ಯೂಟನ್ ಎಂದಿರುತ್ತದೆ.

ಇಷ್ಟು ಭಾರವನ್ನು ಒಂದೇ ಬಲವಾಗಿ ತೋರಿಸುವುದಾದರೆ ಬಾಣವನ್ನು ಎಲ್ಲಿ ಇಡಬೇಕು? ಇಬ್ಬರು ಬಿದಿರಿನ ಗಳುವಿಗೆ ನೀರಿನ ಕೊಡ ನೇತುಹಾಕಿ ಹೊತ್ತು ನಡೆದರೆ, ಕೊಡ ಯಾರ ಹತ್ತಿರ ಇದೆಯೋ ಅವರ ಹೆಗಲಿಗೇ ಹೆಚ್ಚು ಭಾರ. ಭಾರ ಎಷ್ಟು ಎಂಬುದರ ಜೊತೆಗೆ ಅದು ಎಲ್ಲಿದೆ ಎಂಬುದೂ ಗೊತ್ತಾಗದೆ ಎರಡು ಕಂಬಗಳ ಪಾಲು ಹೇಳಲಾಗದು. ಹಾಗಾಗಿ ಬದಲಿಗೆ ಇಡುವ ಒಂಟಿ ಬಲಕ್ಕೆ ಎರಡು ಷರತ್ತುಗಳಿವೆ. ಅದು ಗೋಡೆಯಷ್ಟೇ ತೂಗಬೇಕು. ಜೊತೆಗೆ, ಬೀಮನ್ನು ಯಾವುದೇ ಬಿಂದುವಿನ ಸುತ್ತ ತಿರುಗಿಸಲು ಇಡೀ ಗೋಡೆ ಎಷ್ಟು ಪ್ರಯತ್ನಿಸುತ್ತದೋ ಅದೂ ಅಷ್ಟೇ ಪ್ರಯತ್ನಿಸಬೇಕು. ಈ ತಿರುಗಿಸುವ ಪ್ರಯತ್ನವೇ ಮೊಮೆಂಟ್: ತೂಕವನ್ನು ದೂರದಿಂದ ಗುಣಿಸಿದರೆ ಬರುವುದು. ಎರಡೂ ಷರತ್ತು ಪೂರೈಸುವ ಬಲಕ್ಕೆ ಫಲಿತ ಬಲ ಎಂದು ಹೆಸರು.

ಅದರ ಜಾಗವನ್ನು ಸೂತ್ರವಿಲ್ಲದೆಯೂ ಕಂಡುಹಿಡಿಯಬಹುದು. ಗೋಡೆಯನ್ನು ಮೊನೆಯ ತುದಿಯಿಂದ ಒಂದೊಂದು ಮೀಟರಿನ ಆರು ಪಟ್ಟಿಗಳಾಗಿ ಮನಸ್ಸಿನಲ್ಲೇ ಕತ್ತರಿಸಿದರೆ ಅವುಗಳ ತೂಕ ಕ್ರಮವಾಗಿ 100, 300, 500, 700, 900, 1100 ಕಿಲೋ. ಕೂಡಿದರೆ 3600 ಸರಿಯಾಗಿಯೇ ಬರುತ್ತದೆ. ಪ್ರತಿ ಪಟ್ಟಿಯ ತೂಕ ಅದರ ನಡುವಿನಲ್ಲಿದೆ ಎಂದುಕೊಂಡು, ಮೊನೆಯಿಂದ ಇರುವ ದೂರಗಳಾದ ಅರ್ಧ, ಒಂದೂವರೆ, ಎರಡೂವರೆ ಮೀಟರ್ ಹೀಗೆ ಗುಣಿಸಿ ಕೂಡಿದರೆ 14,300 ಬರುತ್ತದೆ. ಇದನ್ನು 3600ರಿಂದ ಭಾಗಿಸಿದರೆ 3.97 ಮೀಟರ್. ಪಟ್ಟಿಗಳನ್ನು ಅರ್ಧ ಮೀಟರಿಗೆ ಇಳಿಸಿ ಮತ್ತೆ ಲೆಕ್ಕ ಹಾಕಿದರೆ 3.99. ಪ್ರತಿ ಪಟ್ಟಿಯೂ ಒಂದು ಬದಿಯಲ್ಲಿ ಸ್ವಲ್ಪ ಎತ್ತರವಾಗಿರುವುದರಿಂದ ಅದರ ತೂಕ ನಡುವಿಗಿಂತ ಕೂದಲೆಳೆಯಷ್ಟು ಆಚೆಗಿರುತ್ತದೆ. ಚೂರು ಕಡಿಮೆ ಬಂದದ್ದು ಅದಕ್ಕೇ. ಪಟ್ಟಿ ಸಣ್ಣದಾದಷ್ಟೂ ಉತ್ತರ 4 ಮೀಟರಿಗೆ ಹತ್ತಿರವಾಗುತ್ತದೆ. ಅಂದರೆ ಮೊನೆಯಿಂದ ಮೂರನೇ ಎರಡು ಭಾಗ, ಎತ್ತರದ ತುದಿಯಿಂದ ಮೂರನೇ ಒಂದು ಭಾಗ.

ರಟ್ಟಿನಲ್ಲೂ ಇದು ಕಣ್ಣಿಗೆ ಕಾಣುತ್ತದೆ. 18 ಸೆಂಟಿಮೀಟರ್ ಬುಡವಿರುವ ಲಂಬಕೋನ ತ್ರಿಕೋನವೊಂದನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿ, ಎತ್ತರದ ಬದಿಗೆ ಸಮಾನಾಂತರವಾಗಿ ಹಿಡಿದ ಸ್ಕೇಲಿನ ಅಂಚಿನ ಮೇಲೆ ಮಲಗಿಸಬೇಕು. ಆಚೀಚೆ ಸರಿಸುತ್ತಾ ಹೋದರೆ ಅದು ಸಮತೂಕಕ್ಕೆ ಬರುವುದು ಎತ್ತರದ ಬದಿಯಿಂದ 6 ಸೆಂಟಿಮೀಟರ್ ದೂರದಲ್ಲಿ. ತ್ರಿಕೋನದ ಗುರುತ್ವ ಕೇಂದ್ರ ಅದರ ಮಧ್ಯರೇಖೆಗಳು ಸೇರುವಲ್ಲಿ ಇರುತ್ತದೆ ಎಂಬುದನ್ನು ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ ಆರ್ಕಿಮಿಡೀಸ್ ಸಾಧಿಸಿದ್ದ. ಬೀಮಿನ ಲೆಕ್ಕದಲ್ಲಿ ಬರುವ ಮೂರನೇ ಒಂದು ಭಾಗ ಅದೇ.

ಇನ್ನು ಕಂಬಗಳ ಪಾಲು. 3600 ಕಿಲೋ ಎತ್ತರದ ತುದಿಯಿಂದ 2 ಮೀಟರ್ ದೂರದಲ್ಲಿದೆ. ಆ ತುದಿಯ ಸುತ್ತ ಲೆಕ್ಕ ಹಾಕಿದರೆ ಮೊನೆಯ ಕಂಬ ಹೊರುವುದು 3600ನ್ನು 2ರಿಂದ ಗುಣಿಸಿ 6ರಿಂದ ಭಾಗಿಸಿದಷ್ಟು, ಅಂದರೆ 1200 ಕಿಲೋ. ಉಳಿದ 2400 ಎತ್ತರದ ತುದಿಯ ಕಂಬಕ್ಕೆ. ಬೀಮಿನ ಸ್ವಂತ ತೂಕ ಮತ್ತು ಮಾಡಿನ ಭಾರ ಇದರಲ್ಲಿ ಸೇರಿಲ್ಲ. ಅವನ್ನು ಬೇರೆಯಾಗಿ ಲೆಕ್ಕ ಹಾಕಿ ಕೂಡಬೇಕು.

ಇಲ್ಲಿ ಆಗುವ ತಪ್ಪುಗಳು ಬಹುಮಟ್ಟಿಗೆ ಗೊತ್ತಿರುವಂಥವೇ. ವಿಸ್ತೀರ್ಣದ ಅರ್ಧವನ್ನು ಮರೆತು 7200 ಎಂದು ಬರೆಯುವುದು ಒಂದು. ಮೂರನೇ ಒಂದು ಭಾಗವನ್ನು ಮೊನೆಯ ಕಡೆಯಿಂದ ಅಳೆಯುವುದು ಇನ್ನೊಂದು; ಆಗ ಕಂಬಗಳ ಪಾಲು ಅದಲುಬದಲಾಗಿ, ಗೋಡೆಯೇ ಇಲ್ಲದ ತುದಿಯ ಕಂಬ ಹೆಚ್ಚು ಹೊರುವಂತೆ ಕಾಣುತ್ತದೆ. ಉತ್ತರ ಬಂದ ಮೇಲೆ ಒಮ್ಮೆ ಗೋಡೆಯ ಚಿತ್ರ ನೋಡಿದರೆ ಸಾಕು, ಈ ತಪ್ಪು ಸಿಕ್ಕಿಬೀಳುತ್ತದೆ. ಮೂರನೆಯದು ಅಷ್ಟು ಸುಲಭವಾಗಿ ಕಾಣಿಸುವುದಿಲ್ಲ. ಬೀಮಿನ ಮೊದಲ ಒಂದೂವರೆ ಮೀಟರಿನಲ್ಲಿ ಗೋಡೆಯೇ ಇಲ್ಲದೆ, ಉಳಿದ ನಾಲ್ಕೂವರೆ ಮೀಟರಿನಲ್ಲಿ ಮಾತ್ರ ಭಾರ ಸೊನ್ನೆಯಿಂದ 1200ಕ್ಕೆ ಏರುತ್ತದೆ ಎನ್ನಿ. ಆಗ ಒಟ್ಟು ಭಾರ 2700 ಕಿಲೋ. ಮೂರನೇ ಎರಡು ಭಾಗವನ್ನು ಕಂಬದಿಂದಲ್ಲ, ತ್ರಿಕೋನದ ಮೊನೆಯಿಂದ ಅಳೆಯಬೇಕು: ನಾಲ್ಕೂವರೆಯ ಮೂರನೇ ಎರಡು ಭಾಗ 3 ಮೀಟರ್, ಅದಕ್ಕೆ ಖಾಲಿ ಬಿಟ್ಟ ಒಂದೂವರೆ ಸೇರಿದರೆ ಕಂಬದಿಂದ 4.5 ಮೀಟರ್. ಹಾಗೆ ಮಾಡದೆ 4 ಮೀಟರ್ ಎಂದೇ ಹಿಡಿದರೆ ಎತ್ತರದ ತುದಿಯ ಕಂಬಕ್ಕೆ 2025 ಕಿಲೋ ಬರುವಲ್ಲಿ 1800 ಎಂದು ಕಡಿಮೆ ಬರುತ್ತದೆ. ಉತ್ತರ ನೋಡಲು ಸಹಜವಾಗಿಯೇ ಇರುವುದರಿಂದ ತಪ್ಪು ಹಾಗೇ ಉಳಿದುಬಿಡುತ್ತದೆ.

ಫಲಿತ ಬಲಕ್ಕೆ ಒಂದು ಮಿತಿಯಿದೆ, ಅದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಅದು ಕಂಬಗಳ ಪಾಲನ್ನು ಕರಾರುವಾಕ್ಕಾಗಿ ಹೇಳುತ್ತದೆ; ಬೀಮಿನ ಒಳಗೆ ಏನಾಗುತ್ತಿದೆ ಎಂಬುದನ್ನು ಹೇಳುವುದಿಲ್ಲ. 3600 ಕಿಲೋ ನಿಜವಾಗಿಯೂ ಒಂದೇ ಬಿಂದುವಿನಲ್ಲಿ, 4 ಮೀಟರ್ ದೂರದಲ್ಲಿ ನೇತಾಡುತ್ತಿದ್ದರೆ ಬೀಮನ್ನು ಬಾಗಿಸುವ ಗರಿಷ್ಠ ಮೊಮೆಂಟ್ 4.8 ಟನ್-ಮೀಟರ್ ಆಗುತ್ತಿತ್ತು. ಹರಡಿರುವ ಗೋಡೆಯ ಕೆಳಗೆ ಆಗುವ ಗರಿಷ್ಠ ಮೊಮೆಂಟ್ ಸುಮಾರು 2.77 ಮಾತ್ರ, ಅದೂ 4 ಮೀಟರಿನಲ್ಲಲ್ಲ, ಮೊನೆಯಿಂದ 3.46 ಮೀಟರಿನಲ್ಲಿ. ಕಂಬಿ ಎಷ್ಟು ಬೇಕೆಂದು ನಿರ್ಧರಿಸುವುದು ಈ ಮೊಮೆಂಟ್. ಎರಡರ ನಡುವೆ ಇಷ್ಟು ಅಂತರವಿರುವಾಗ ಒಂಟಿ ಬಾಣವನ್ನು ನಂಬಿ ಬೀಮಿನ ವಿನ್ಯಾಸ ಮಾಡುವಂತಿಲ್ಲ.

ಹಾಗೆಂದು ಫಲಿತ ಬಲದ ಉಪಾಯವನ್ನೇ ಬಿಡಬೇಕಿಲ್ಲ, ಕ್ರಮ ಬದಲಿಸಿದರೆ ಸಾಕು: ಮೊದಲು ಕತ್ತರಿಸಬೇಕು, ಆಮೇಲೆ ಬದಲಿಸಬೇಕು. ಬೀಮಿನ ನಡುವಿನ ಮೊಮೆಂಟ್ ಬೇಕು ಎನ್ನಿ. 3 ಮೀಟರಿನಲ್ಲಿ ಬೀಮನ್ನು ಕತ್ತರಿಸಿದಂತೆ ಭಾವಿಸಿ ಮೊನೆಯ ಕಡೆಯ ತುಂಡನ್ನಷ್ಟೇ ನೋಡಿದರೆ, ಅದರ ಮೇಲಿರುವುದು ಒಂದು ಪುಟ್ಟ ತ್ರಿಕೋನ. ಕತ್ತರಿಸಿದ ಜಾಗದಲ್ಲಿ ಭಾರದ ದರ 600, ಹಾಗಾಗಿ ತುಂಡಿನ ಮೇಲಿನ ತೂಕ 900 ಕಿಲೋ. ಅದು ಕತ್ತರಿಸಿದ ಜಾಗದಿಂದ 1 ಮೀಟರ್ ಹಿಂದೆ ಕೂರುತ್ತದೆ. ಕಂಬ ಮೇಲಕ್ಕೆತ್ತುವ 1200 ಕಿಲೋಗೆ 3 ಮೀಟರ್ ದೂರ: 3.6 ಟನ್-ಮೀಟರ್. ಅದರಿಂದ 0.9 ಕಳೆದರೆ 2.7.

ಇದು ಸರಿಯೇ ಎಂದು ನೋಡಲು ಇನ್ನೊಂದು ತುಂಡಿನಿಂದಲೂ ಲೆಕ್ಕ ಹಾಕಬಹುದು. ಅಲ್ಲಿರುವುದು ತ್ರಿಕೋನವಲ್ಲ. ಅದರ ಎತ್ತರ 600ರಿಂದ ಶುರುವಾಗಿ 1200ಕ್ಕೆ ಹೋಗುತ್ತದೆ. ಅದನ್ನು 1800 ಕಿಲೋದ ಒಂದು ಆಯತ, ಅದರ ಮೇಲೆ ಕೂತ 900 ಕಿಲೋದ ಒಂದು ತ್ರಿಕೋನ ಎಂದು ಬಿಡಿಸಿಕೊಳ್ಳಬೇಕು. ಆಯತದ ತೂಕ ಕತ್ತರಿಸಿದ ಜಾಗದಿಂದ 1.5 ಮೀಟರಿನಲ್ಲಿ, ತ್ರಿಕೋನದ್ದು 2 ಮೀಟರಿನಲ್ಲಿ. ಕಂಬದ 2400 ಕಿಲೋ ಕೊಡುವ 7.2ರಿಂದ 2.7 ಮತ್ತು 1.8 ಕಳೆದರೆ ಉಳಿಯುವುದು ಮತ್ತೆ 2.7. ಎರಡೂ ಕಡೆಯಿಂದ ಒಂದೇ ಉತ್ತರ ಬಂದರೆ ಕಂಬಗಳ ಪಾಲೂ ಸರಿಯಿದೆ, ಜಾಗಗಳೂ ಸರಿಯಿವೆ ಎಂದರ್ಥ.

ಗೋಡೆಯ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಗಾರೆ ಗಟ್ಟಿಯಾದ ಮೇಲೆ ಗೋಡೆ ತಾನೇ ಕಮಾನಿನಂತೆ ವರ್ತಿಸಿ, ತನ್ನ ಭಾರದ ಒಂದಷ್ಟನ್ನು ನೇರವಾಗಿ ಆಧಾರಗಳ ಕಡೆಗೆ ದಾಟಿಸಬಲ್ಲದು. ಆದರೆ ಕಟ್ಟುತ್ತಿರುವಾಗ, ಗಾರೆ ಹಸಿಯಾಗಿರುವಾಗ ಆ ನೆರವು ಸಿಗುವುದಿಲ್ಲ; ಆಗ ಪೂರ್ತಿ ತ್ರಿಕೋನ ಬೀಮಿನ ಮೇಲೆಯೇ. ಮೇಲಿನ ಲೆಕ್ಕ ಆ ಹೊತ್ತಿನದು.

ಇದೇ ತ್ರಿಕೋನವನ್ನು ಮಗ್ಗುಲಾಗಿ ನಿಲ್ಲಿಸಿದರೆ ನೀರಿನ ತೊಟ್ಟಿಯ ಗೋಡೆಯ ಭಾರ ಸಿಗುತ್ತದೆ. ನೀರಿನ ಮೇಲ್ಮೈಯಲ್ಲಿ ಒತ್ತಡ ಸೊನ್ನೆ. 3 ಮೀಟರ್ ಆಳದಲ್ಲಿ ಚದರ ಮೀಟರಿಗೆ 3000 ಕಿಲೋ. ಗೋಡೆಯ ಒಂದು ಮೀಟರ್ ಅಗಲದ ಪಟ್ಟಿಯನ್ನು ತೆಗೆದುಕೊಂಡರೆ ನೀರು ಅದನ್ನು ಒಟ್ಟು 4500 ಕಿಲೋದಷ್ಟು ಹೊರಕ್ಕೆ ನೂಕುತ್ತದೆ. ಆ ಬಲ ಇರುವುದು ತಳದಿಂದ 1 ಮೀಟರ್ ಮೇಲೆ. ತಳದಲ್ಲಿ ಬಿಗಿಯಾಗಿ ಹಿಡಿದು ಮೇಲೆ ಬಿಟ್ಟಿರುವ ಗೋಡೆಗೆ ಬುಡದಲ್ಲಿನ ಮೊಮೆಂಟ್ 4.5 ಟನ್-ಮೀಟರ್. ಬೀಮಿನಲ್ಲಿ ಕೈಕೊಟ್ಟ ಒಂಟಿ ಬಲ ಇಲ್ಲಿ ಪೂರ್ತಿ ನಿಜವನ್ನೇ ಹೇಳುತ್ತದೆ, ಏಕೆಂದರೆ ಗೋಡೆಯನ್ನು ಬುಡದಲ್ಲಿ ಕತ್ತರಿಸಿದಾಗ ಇಡೀ ತ್ರಿಕೋನ ಒಂದೇ ಕಡೆ ಉಳಿಯುತ್ತದೆ. ತೊಟ್ಟಿಯ ಆಳವನ್ನು 6 ಮೀಟರಿಗೆ ಏರಿಸಿದರೆ ತಳದ ಒತ್ತಡ ಎರಡು ಪಟ್ಟು, ತ್ರಿಕೋನದ ಉದ್ದವೂ ಎರಡು ಪಟ್ಟು. ಹಾಗಾಗಿ ಬಲ ನಾಲ್ಕು ಪಟ್ಟಾಗಿ 18,000 ಕಿಲೋ ಆಗುತ್ತದೆ. ಅದರ ಜಾಗವೂ ತಳದಿಂದ 2 ಮೀಟರಿಗೆ ಏರುವುದರಿಂದ ಬುಡದ ಮೊಮೆಂಟ್ ಎಂಟು ಪಟ್ಟಾಗಿ 36 ಟನ್-ಮೀಟರ್ ಮುಟ್ಟುತ್ತದೆ.